ವಿಷಯ: ಎಡಬ್ಲ್ಯೂಬಿ 774108263359 – 4 ಕೆಜಿ ಎಂದು ಹಾಕಿರುವ ವೆಯ್ಟ್ ಡಿಸ್ಕ್ರಿಪೆನ್ಸಿ ಚಾರ್ಜ್‌ಗೆ ನಮ್ಮ ತಕರಾರು

ಬಿಲ್ಲಿಂಗ್ ವಿಭಾಗದವರಿಗೆ ನಮಸ್ಕಾರ,

ಮಾರ್ಚ್ 11ರಂದು ಚನ್ನಪಟ್ಟಣದಿಂದ ಪುಣೆಗೆ ಕಳಿಸಿದ ಈ ಪಾರ್ಸಲ್‌ಗೆ ನಿನ್ನೆ, 17ರಂದು, ನಮ್ಮ ವಾಲೆಟ್‌ನಿಂದ 103.84 ರೂಪಾಯಿ ಹೆಚ್ಚುವರಿ ಕಡಿತವಾಗಿದೆ. ನಾವು ಬುಕ್ ಮಾಡಿದ್ದು 2 ಕೆಜಿ ಸ್ಲ್ಯಾಬ್, 118 ರೂ. ನೀವು ಅದನ್ನು 4 ಕೆಜಿಗೆ ಏರಿಸಿ 206 ರೂ. ಮಾಡಿದ್ದೀರಿ. ವ್ಯತ್ಯಾಸ 88, ಅದರ ಮೇಲೆ 18% ಜಿಎಸ್‌ಟಿ. ಇದನ್ನು ನಾವು ಒಪ್ಪುವುದಿಲ್ಲ. ಪ್ಯಾನೆಲ್‌ನಲ್ಲೂ ಇವತ್ತೇ ಡಿಸ್ಪ್ಯೂಟ್ ಹಾಕಿದ್ದೇನೆ.

ಬಾಕ್ಸ್‌ನಲ್ಲಿ ಇದ್ದದ್ದು ಮರದ ರೈಲು, ಎರಡು ಗಿಲಕಿ, ಆರು ಬುಗುರಿ. ಪ್ಯಾಕ್ ಮಾಡಿದ ಮೇಲೆ ತೂಕ 1.320 ಕೆಜಿ (ಫೋಟೊ 1, ತಕ್ಕಡಿಯ ಅಂಕಿ ಮತ್ತು ಲೇಬಲ್ ಎರಡೂ ಕಾಣುತ್ತವೆ). ಅಳತೆ 30 × 20 × 15 ಸೆಂ.ಮೀ. (ಫೋಟೊ 2, 3, 4). ಅಳತೆಯಿಂದ ತೂಕ ಕಟ್ಟುವ ನಿಮ್ಮದೇ ಲೆಕ್ಕದಂತೆ, ಮೂರನ್ನೂ ಗುಣಿಸಿ ಬಂದ 9000 ಅನ್ನು 5000ದಿಂದ ಭಾಗಿಸಿದರೆ 1.8 ಕೆಜಿ. ಟೇಪ್ ಹಾಕಿದಾಗ ಮೇಲ್ಭಾಗ ಸ್ವಲ್ಪ ಉಬ್ಬುತ್ತದೆ, ನಿಜ. ಎತ್ತರ 15.5 ಎಂದು ಹಿಡಿದರೂ 1.86. ಯಾವ ಕಡೆಯಿಂದ ನೋಡಿದರೂ 2 ಕೆಜಿ ದಾಟುವುದಿಲ್ಲ.

ಈಗ ನಿಮ್ಮ ಅಳತೆ ನೋಡಿ: 30 × 20 × 30. ಉದ್ದ, ಅಗಲ ಸರಿಯಾಗಿಯೇ ಇವೆ. ಎತ್ತರ ಮಾತ್ರ ಸರಿಯಾಗಿ ಎರಡರಷ್ಟು! ಯಾಕೆ ಅಂತ ನೀವೇ ಹಾಕಿರುವ ಹಬ್ ಫೋಟೊ ಹೇಳುತ್ತದೆ (ಫೋಟೊ 5). ಅದನ್ನು ದೊಡ್ಡದು ಮಾಡಿ ನೋಡಿ. ನಮ್ಮ ಬಾಕ್ಸ್‌ನ ಕೆಳಗೆ ಇನ್ನೊಂದು ಬಾಕ್ಸ್ ಇದೆ. ಎರಡರ ಮಧ್ಯೆ ಕಪ್ಪು ಗೆರೆಯಂಥ ಸಂದು ಕಾಣುತ್ತದೆ. ಕೆಳಗಿನದರ ಲೇಬಲ್‌ನ ಕೊನೆಯ ನಾಲ್ಕು ಅಂಕಿ 3360. ಅದೂ ನಮ್ಮದೇ, ಅದೇ ದಿನ ನಾಗಪುರಕ್ಕೆ ಹೋದ ಪಾರ್ಸಲ್. ಅದೊಂದನ್ನೇ ಇಟ್ಟು ಅಳೆದು 30 × 20 × 15 ಎಂದು ನೀವೇ ದಾಖಲಿಸಿದ್ದೀರಿ, ಸರಿಯಾಗಿ 2 ಕೆಜಿ ಬಿಲ್ ಮಾಡಿದ್ದೀರಿ (ಫೋಟೊ 6, ಪ್ಯಾನೆಲ್‌ನ ಸ್ಕ್ರೀನ್‌ಶಾಟ್). ಎರಡೂ ಒಂದೇ ಅಳತೆಯ ಕಾರ್ಟನ್. ಅಂದಮೇಲೆ ಪುಣೆಯ ಬಾಕ್ಸ್ ಮಾತ್ರ ದಾರಿಯಲ್ಲಿ ಬೆಳೆದಿರಲು ಸಾಧ್ಯವಿಲ್ಲ, ಅಲ್ವಾ?

ಪಾರ್ಸಲ್ 15ರಂದೇ ಡೆಲಿವರಿ ಆಗಿದೆ. ಹಾಗಾಗಿ ಮತ್ತೆ ತೂಗುವ ಮಾತಿಲ್ಲ, ಫೋಟೊಗಳನ್ನೇ ನೋಡಿ ತೀರ್ಮಾನಿಸಬೇಕು. ಪ್ಯಾಕಿಂಗ್ ವಿಡಿಯೊ ಕೂಡ ಇದೆ. ಬೇಕಿದ್ದರೆ ಕಳಿಸುತ್ತೇನೆ.

103.84 ರೂ. ಪೂರ್ತಿ ವಾಲೆಟ್‌ಗೆ ವಾಪಸ್ ಹಾಕಿ. ಈ ಕಾರ್ಟನ್‌ನ ಅಳತೆಗೆ ವೆಯ್ಟ್ ಫ್ರೀಝ್ ಕೂಡ ಮಾಡಿಕೊಡಿ. ತಿಂಗಳಿಗೆ ನಲವತ್ತು-ಐವತ್ತು ಪಾರ್ಸಲ್ ಇದೇ ಬಾಕ್ಸ್‌ನಲ್ಲಿ ಹೋಗುತ್ತವೆ. ಪ್ರತಿ ಸಲ ಟೇಪ್ ಹಿಡಿದು ಫೋಟೊ ತೆಗೆಯುತ್ತಾ ಕೂರಲು ಆಗುವುದಿಲ್ಲ.

ತಕರಾರು ತಳ್ಳಿಹಾಕುವುದಾದರೆ ಸುಮ್ನೆ ‘ರಿಜೆಕ್ಟೆಡ್’ ಎಂದು ಒಂದು ಸಾಲು ಕಳಿಸಬೇಡಿ. ಆ ಬಾಕ್ಸ್ ಒಂದನ್ನೇ ಇಟ್ಟು ತೆಗೆದ ಹಬ್ ಫೋಟೊ ಕಳಿಸಿ.

ಇಂತಿ,
ಶಶಿಕಲಾ
ಮರದ ಗೊಂಬೆ ಮಾರಾಟ, ಚನ್ನಪಟ್ಟಣ

ಲಗತ್ತು: 6 ಫೋಟೊ