ಸಸ್ಯ ಹಾರ್ಮೋನುಗಳು ಮತ್ತು ಅನುವರ್ತನೆ: ಎರಡು ಪ್ರಯೋಗ, ಹತ್ತು ಪ್ರಶ್ನೆ (10ನೇ ತರಗತಿ)

ಕಿಟಕಿ ಬಳಿ ಇಟ್ಟ ಗಿಡ ಕಿಟಕಿಯತ್ತ ಬಾಗುವುದು ಏಕೆ ಎಂದು ಕೇಳಿದರೆ ಬಹಳಷ್ಟು ಉತ್ತರ ಪತ್ರಿಕೆಗಳಲ್ಲಿ ಬರುವ ವಾಕ್ಯ: "ಗಿಡಕ್ಕೆ ಆಹಾರ ತಯಾರಿಸಲು ಬೆಳಕು ಬೇಕು, ಆದ್ದರಿಂದ ಬಾಗುತ್ತದೆ." ಇದು ಬಾಗುವುದರಿಂದ ಗಿಡಕ್ಕಾಗುವ ಲಾಭ, ಬಾಗುವ ಕ್ರಿಯೆಯ ಕಾರಣವಲ್ಲ. ಕಾರಣ ಕೇಳಿದಾಗ ನಾಲ್ಕು ಕೊಂಡಿಗಳು ಇದೇ ಕ್ರಮದಲ್ಲಿ ಬರಬೇಕು: ಪ್ರಚೋದನೆ ಯಾವ ಕಡೆಯಿಂದ ಬಂತು, ಆಕ್ಸಿನ್ ಯಾವ ಕಡೆ ಹೆಚ್ಚಾಯಿತು, ಅಲ್ಲಿನ ಕೋಶಗಳು ಏನಾದವು, ಕೊನೆಗೆ ಭಾಗ ಯಾವ ಕಡೆ ಬಾಗಿತು. ಈ ಪಾಠದ ಪ್ರಯೋಗ ಪ್ರಶ್ನೆಗಳೆಲ್ಲ ಈ ನಾಲ್ಕರಲ್ಲಿ ಒಂದನ್ನೋ ಎರಡನ್ನೋ ಮರೆಮಾಡಿ ಕೇಳುವಂಥವು.

ಹಾರ್ಮೋನುಗಳು

ಆಕ್ಸಿನ್ ಕಾಂಡದ ತುದಿಯಲ್ಲಿ ತಯಾರಾಗಿ ಕೆಳಗೆ ಸಾಗುತ್ತದೆ, ಕಾಂಡದ ಕೋಶಗಳು ಉದ್ದವಾಗಲು ನೆರವಾಗುತ್ತದೆ. ನರ್ಸರಿಗಳಲ್ಲಿ ಕಡ್ಡಿಯ ಬುಡಕ್ಕೆ ಹಚ್ಚುವ ಬೇರು ಬರಿಸುವ ಪುಡಿಯಲ್ಲಿರುವುದೂ ಆಕ್ಸಿನ್ ಗುಂಪಿನ ವಸ್ತುವೇ. ಜಿಬ್ಬರೆಲಿನ್ ಸಹ ಕಾಂಡದ ಬೆಳವಣಿಗೆಗೆ ಸಹಾಯಕ. ಭತ್ತದ ಸಸಿಗಳು ಅತಿಯಾಗಿ ಎತ್ತರವಾಗಿ ಬೀಳುವ ರೋಗವೊಂದನ್ನು ಅಭ್ಯಾಸ ಮಾಡುತ್ತಾ ಜಪಾನಿನ ಕುರೊಸಾವ 1926ರಲ್ಲಿ ಇದರ ಸುಳಿವು ಹಿಡಿದರು; ಇಂದು ಬೀಜರಹಿತ ದ್ರಾಕ್ಷಿಯ ಗೊಂಚಲುಗಳಿಗೆ ಇದರ ದ್ರಾವಣ ಕೊಡುತ್ತಾರೆ, ಕಾಳು ದಪ್ಪವಾಗಲೆಂದು. ಸೈಟೋಕೈನಿನ್ ಕೋಶ ವಿಭಜನೆಯನ್ನು ಪ್ರಚೋದಿಸುತ್ತದೆ. ಆದ್ದರಿಂದಲೇ ಹಣ್ಣು, ಬೀಜಗಳಂಥ ವೇಗವಾಗಿ ವಿಭಜನೆ ನಡೆಯುವ ಕಡೆ ಹೆಚ್ಚಾಗಿರುತ್ತದೆ. ಅಬ್ಸಿಸಿಕ್ ಆಮ್ಲ ಬೆಳವಣಿಗೆಯನ್ನು ತಡೆಯುತ್ತದೆ. ಕಾಯಿ ಹಣ್ಣಾಗಿಸುವ ಎಥಿಲೀನ್ ಅನಿಲ ರೂಪದ ಹಾರ್ಮೋನು.

ಬಾಗುವಿಕೆಯ ಪ್ರಶ್ನೆಗೆ ಇವುಗಳಲ್ಲಿ ಬೇಕಾದದ್ದು ಆಕ್ಸಿನ್ ಒಂದೇ. ಉಳಿದವನ್ನು ಸೇರಿಸಿ ಉತ್ತರ ಉದ್ದ ಮಾಡಿದರೆ ಅಂಕ ಹೆಚ್ಚುವುದಿಲ್ಲ.

ಬೆಳಕು ಒಂದೇ ಕಡೆಯಿಂದ ಬಿದ್ದಾಗ ಆಕ್ಸಿನ್ ಕಾಂಡದ ನೆರಳಿನ ಬದಿಗೆ ಸರಿಯುತ್ತದೆ. ಆ ಬದಿಯ ಕೋಶಗಳು ಹೆಚ್ಚು ಉದ್ದವಾಗುತ್ತವೆ, ಬೆಳಕಿನ ಬದಿಯವು ಕಡಿಮೆ. ಕಾಂಡ ಬೆಳಕಿನತ್ತ ಬಾಗುತ್ತದೆ. "ನೆರಳಿನ ಬದಿಯಲ್ಲಿ ಹೆಚ್ಚು ಕೋಶಗಳು ಹುಟ್ಟುತ್ತವೆ" ಎಂದು ಬರೆಯಬೇಡಿ. ಇಲ್ಲಿ ನಡೆಯುವುದು ಮುಖ್ಯವಾಗಿ ಕೋಶಗಳ ಉದ್ದವಾಗುವಿಕೆ, ವಿಭಜನೆಯಲ್ಲ.

ಗುರುತ್ವದ ವಿಷಯದಲ್ಲಿ ಒಂದು ತೊಡಕಿದೆ. ಸಸಿಯನ್ನು ಅಡ್ಡ ಮಲಗಿಸಿದರೆ ಕಾಂಡದಲ್ಲೂ ಬೇರಿನಲ್ಲೂ ಆಕ್ಸಿನ್ ಕೆಳಬದಿಯಲ್ಲೇ ಹೆಚ್ಚುತ್ತದೆ. ಆದರೂ ಕಾಂಡ ಮೇಲಕ್ಕೆ, ಬೇರು ಕೆಳಕ್ಕೆ ಹೋಗುತ್ತದೆ. ಕಾಂಡದ ಬೆಳವಣಿಗೆಯನ್ನು ಹೆಚ್ಚಿಸುವ ಆಕ್ಸಿನ್ ಪ್ರಮಾಣವೇ ಬೇರಿಗೆ ಅತಿಯಾಗಿ ಬೆಳವಣಿಗೆಯನ್ನು ತಡೆಯುತ್ತದೆ. ಹಾಗಾಗಿ ಬೇರಿನಲ್ಲಿ ಮೇಲ್ಬದಿ ಹೆಚ್ಚು ಉದ್ದವಾಗಿ ತುದಿ ಕೆಳಗೆ ತಿರುಗುತ್ತದೆ. ಇಲ್ಲಿ ಅರ್ಧ ಬರೆದು ಬಿಡುವವರೇ ಹೆಚ್ಚು.

ಪ್ರಯೋಗ 1: ದ್ಯುತಿ ಅನುವರ್ತನೆ

ಬೇಕಾದವು: ಶಾಂಕುವಿನಾಕಾರದ ಗಾಜಿನ ಪಾತ್ರೆ, ಅದರ ಬಾಯಿಗೆ ತಂತಿಜಾಲರಿ, ಒಂದು ಬದಿ ತೆರೆದ ರಟ್ಟಿನ ಪೆಟ್ಟಿಗೆ, ಅವರೆ ಅಥವಾ ಹೆಸರುಕಾಳು.

ಕಾಳುಗಳನ್ನು 8ರಿಂದ 10 ಗಂಟೆ ನೆನೆಸಿ, ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿ ಒಂದು ದಿನ ಬಿಡಿ. ಮೊಳಕೆ 1 ಸೆಂ.ಮೀ. ದಾಟಿದ, ನೇರವಾಗಿರುವ ಎರಡು ಮೂರು ಕಾಳುಗಳನ್ನು ಆರಿಸಿ. ಪಾತ್ರೆಗೆ ನೀರು ತುಂಬಿ, ಜಾಲರಿಯ ಮೇಲೆ ಕಾಳಿಟ್ಟು ಬೇರನ್ನು ತೂತಿನೊಳಗೆ ಇಳಿಬಿಡಿ. ನೀರು ಬೇರಿಗೆ ತಾಗಬೇಕು, ಕಾಳು ಮುಳುಗಬಾರದು. ಮುಳುಗಿದರೆ ಗಾಳಿ ಸಿಗದೆ ಎರಡೇ ದಿನಕ್ಕೆ ಕೊಳೆತು ವಾಸನೆ ಬರುತ್ತದೆ. ಪೆಟ್ಟಿಗೆಯ ತೆರೆದ ಬದಿ ಕಿಟಕಿಯತ್ತ ಇರುವಂತೆ ಪಾತ್ರೆಯನ್ನು ಒಳಗಿಡಿ. ನೇರ ಬಿಸಿಲು ಬೇಡ. ದಿನವೂ ನೀರಿನ ಮಟ್ಟ ಸರಿಪಡಿಸಿ, ಆದರೆ ಪಾತ್ರೆ ತಿರುಗದಂತೆ ನೋಡಿಕೊಳ್ಳಿ. ತಳದ ಸುತ್ತ ಸೀಮೆಸುಣ್ಣದ ಗೆರೆ ಎಳೆದಿಟ್ಟರೆ ಸಾಕು.

ಎರಡು ಮೂರು ದಿನಗಳಲ್ಲಿ ಕಾಂಡ ಬೆಳಕಿನತ್ತ ಬಾಗುತ್ತದೆ, ಬೇರು ಬೆಳಕಿನಿಂದ ದೂರಕ್ಕೆ. ಬೇರಿನ ಬಾಗು ಕಾಂಡದ್ದರಷ್ಟು ಎದ್ದು ಕಾಣುವುದಿಲ್ಲ, ಏಕೆಂದರೆ ಗುರುತ್ವವೂ ಅದನ್ನು ಕೆಳಕ್ಕೆ ತಿರುಗಿಸುತ್ತಿರುತ್ತದೆ. ಈಗ ಪಾತ್ರೆಯನ್ನು ಅರ್ಧ ಸುತ್ತು ತಿರುಗಿಸಿ ಕೆಲವು ದಿನ ಬಿಡಿ. ಹಳೆಯ ಭಾಗ ಬಹುಮಟ್ಟಿಗೆ ಹಾಗೇ ಉಳಿದು, ಹೊಸದಾಗಿ ಬೆಳೆದ ಭಾಗ ಮತ್ತೆ ಬೆಳಕಿನತ್ತ ತಿರುಗುತ್ತದೆ. ಚಿತ್ರದಲ್ಲಿ ಈ ಎರಡು ಬಾಗುಗಳನ್ನೂ ತೋರಿಸಬೇಕು.

ಹೋಲಿಕೆಗೆ ಇನ್ನೆರಡು ಜೋಡಣೆ ಇಡಿ: ಒಂದು ಎಲ್ಲ ಕಡೆ ಬೆಳಕು ಬೀಳುವಲ್ಲಿ, ಇನ್ನೊಂದು ಪೂರ್ತಿ ಮುಚ್ಚಿದ ಪೆಟ್ಟಿಗೆಯಲ್ಲಿ. ಇವಿಲ್ಲದೆ ಬಾಗಿದ್ದಕ್ಕೆ ಬೆಳಕೇ ಕಾರಣ ಎನ್ನಲಾಗದು.

ಹೆಸರುಕಾಳು ಬಳಸಿದರೆ ಒಂದು ಎಚ್ಚರಿಕೆ. ಮೊಳಕೆ ಮೇಲೇಳುವಾಗ ಅದರ ಕತ್ತು ಕೊಕ್ಕೆಯಂತೆ ಮಡಚಿರುತ್ತದೆ. ಮಣ್ಣನ್ನು ಸೀಳಿ ಬರುವಾಗ ತುದಿ ಗಾಯಗೊಳ್ಳದಿರಲು ಇರುವ ಸಹಜ ರಚನೆ ಅದು. ಬೆಳಕು ಬಿದ್ದ ಮೇಲೆ ಬಿಚ್ಚಿಕೊಳ್ಳುತ್ತದೆ. ಮೊದಲ ದಿನವೇ "ಬಾಗಿದೆ" ಎಂದು ದಾಖಲಿಸುವವರು ನೋಡಿರುವುದು ಬಹುತೇಕ ಈ ಕೊಕ್ಕೆಯನ್ನು. ಕೊಕ್ಕೆ ಬಿಚ್ಚಿದ ಮೇಲೆ, ಅದರ ಕೆಳಗಿನ ಕಾಂಡ ಯಾವ ಕಡೆ ವಾಲಿದೆ ಎಂದು ಅಳೆಯಿರಿ.

ಪ್ರಯೋಗ 2: ಗುರುತ್ವಾನುವರ್ತನೆ

ಬೇಕಾದವು: ಅಂಗೈ ಅಗಲದ ಎರಡು ಗಾಜಿನ ಫಲಕ ಅಥವಾ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ, ಹತ್ತಿ, ಹೀರುಕಾಗದ, ರಬ್ಬರ್ ಬ್ಯಾಂಡ್, ಕಪ್ಪು ಕಾಗದ, ಬೇರು 1.5ರಿಂದ 2 ಸೆಂ.ಮೀ. ಇರುವ ನಾಲ್ಕು ಮೊಳಕೆಕಾಳು.

ಫಲಕದ ಮೇಲೆ ಒದ್ದೆ ಹತ್ತಿಯ ತೆಳು ಪದರ, ಅದರ ಮೇಲೆ ಹೀರುಕಾಗದ ಹಾಸಿ. ಕಾಳುಗಳನ್ನು ಬೇರು ನಾಲ್ಕು ದಿಕ್ಕಿಗಿರುವಂತೆ ಜೋಡಿಸಿ: ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ. ಇನ್ನೊಂದು ಫಲಕ ಮುಚ್ಚಿ ರಬ್ಬರ್ ಬ್ಯಾಂಡ್ ಹಾಕಿ. ಬಿಗಿ ಹೆಚ್ಚಾದರೆ ಬೇರು ಜಜ್ಜಿಹೋಗುತ್ತದೆ, ಸಡಿಲವಾದರೆ ಕಾಳು ಜಾರಿ ತಿರುಗುತ್ತದೆ. ಆಗ ಬಾಗಿದ್ದು ಬೇರೋ ತಿರುಗಿದ್ದು ಕಾಳೋ ತಿಳಿಯದು. ಫಲಕಗಳನ್ನು ನೆಟ್ಟಗೆ ನಿಲ್ಲಿಸಿ, ತಳ ಅರ್ಧ ಸೆಂ.ಮೀ. ನೀರಿನಲ್ಲಿರಲಿ, ಸುತ್ತ ಕಪ್ಪು ಕಾಗದ ಕಟ್ಟಿ. ಕಾಗದ ಕಟ್ಟದಿದ್ದರೆ ಬೆಳಕೂ ಗುರುತ್ವವೂ ಒಟ್ಟಿಗೆ ಕೆಲಸ ಮಾಡಿ ಫಲಿತಾಂಶ ಕಲಬೆರಕೆಯಾಗುತ್ತದೆ.

ಬೇರಿನ ತುದಿಗಳನ್ನು ಮೊದಲ ದಿನ ಕೆಲವು ಗಂಟೆಗಳಿಗೊಮ್ಮೆ ನೋಡಿ. ಮರುದಿನಕ್ಕೆ ನಾಲ್ಕೂ ಕೆಳಮುಖವಾಗಿರಬೇಕು. ಆಮೇಲೆ ಇಡೀ ಜೋಡಣೆಯನ್ನು 90 ಡಿಗ್ರಿ ತಿರುಗಿಸಿ ನಿಲ್ಲಿಸಿದರೆ ಹೊಸ ಬಾಗು ಮೂಡುತ್ತದೆ.

ಬಾಗು ಎಲ್ಲಿ ಮೂಡುತ್ತದೆ ಎಂದು ಕಾಣಬೇಕಿದ್ದರೆ, ಬೇರನ್ನು ಹೀರುಕಾಗದದಿಂದ ಒತ್ತಿ ಒಣಗಿಸಿ, ಕಪ್ಪು ಶಾಯಿಯಲ್ಲಿ ಅದ್ದಿದ ದಾರದಿಂದ ತುದಿಯಿಂದ ಮೇಲಕ್ಕೆ 2 ಮಿ.ಮೀ. ಅಂತರದಲ್ಲಿ ಗೆರೆ ಹಾಕಿ. ಒದ್ದೆ ಬೇರಿನ ಮೇಲೆ ಶಾಯಿ ಹರಡಿ ಗೆರೆ ಕೂಡಿಹೋಗುತ್ತದೆ, ಒಣಗಿಸುವ ಹೆಜ್ಜೆ ಬಿಡಬೇಡಿ. ಮರುದಿನ ನೋಡಿದರೆ ತುದಿಗೆ ಹತ್ತಿರದ ಗೆರೆಗಳ ಅಂತರ ಮಾತ್ರ ಹಿಗ್ಗಿರುತ್ತದೆ. ಕಾಳಿನ ಬಳಿಯವು ಹಾಕಿದಷ್ಟೇ ದೂರದಲ್ಲಿರುತ್ತವೆ. ಬಾಗಿರುವುದೂ ಆ ಹಿಗ್ಗಿದ ಭಾಗದಲ್ಲೇ. ಅನುವರ್ತನೆ ಬೆಳವಣಿಗೆಯ ಮೂಲಕ ನಡೆಯುವ ಚಲನೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಶಾಲೆಯ ಪ್ರಯೋಗಾಲಯದಲ್ಲಿ ಸಿಗುವುದು ಕಷ್ಟ.

ಪ್ರಶ್ನೆಗಳು

1. ಅನುವರ್ತನೆ ಎಂದರೇನು? (1 ಅಂಕ)
2. ಕೋಶ ವಿಭಜನೆಯನ್ನು ಪ್ರಚೋದಿಸುವ ಮತ್ತು ಬೆಳವಣಿಗೆಯನ್ನು ತಡೆಯುವ ಹಾರ್ಮೋನುಗಳನ್ನು ಹೆಸರಿಸಿ. (1)
3. ಮುಚ್ಚಿದ ಪೆಟ್ಟಿಗೆಯ ಸಸಿ ಬೆಳಕಿನ ಸಸಿಗಿಂತ ಎತ್ತರವಾಗಿ, ತಿಳಿಹಳದಿಯಾಗಿದೆ. "ಕತ್ತಲೆಯಲ್ಲಿ ಗಿಡ ಚೆನ್ನಾಗಿ ಬೆಳೆಯುತ್ತದೆ" ಎಂದು ವಿದ್ಯಾರ್ಥಿಯೊಬ್ಬ ಬರೆದಿದ್ದಾನೆ. ಒಪ್ಪುವಿರಾ? (2)
4. ಪ್ರಯೋಗ 2ರಲ್ಲಿ ಫಲಕಗಳನ್ನು ನೆಟ್ಟಗೆ ನಿಲ್ಲಿಸದೆ ಮೇಜಿನ ಮೇಲೆ ಮಲಗಿಸಿದರೆ ಏನಾಗುತ್ತದೆ? (2)
5. ಒಂದೇ ಬದಿಯಿಂದ ಬೆಳಕು ಬೀಳುವ ಪೆಟ್ಟಿಗೆಯಲ್ಲಿ ಮೆಕ್ಕೆಜೋಳದ ಮೂರು ಮೊಳಕೆಗಳಿವೆ. ಅ: ತುದಿ ಕತ್ತರಿಸಿದೆ. ಆ: ತುದಿಗೆ ಅಲ್ಯೂಮಿನಿಯಂ ಹಾಳೆಯ ಟೋಪಿ ಹಾಕಿದೆ. ಇ: ಬುಡಕ್ಕೆ ಹಾಳೆ ಸುತ್ತಿದೆ. ಯಾವುದು ಬಾಗುತ್ತದೆ? ಏನು ತಿಳಿಯುತ್ತದೆ? (3)
6. ತುದಿ ಕತ್ತರಿಸಿದ ಮೊಳಕೆಯ ಎಡ ಅಂಚಿನ ಮೇಲೆ ಆಕ್ಸಿನ್ ಇರುವ ಅಗರ್ ತುಂಡನ್ನಿಟ್ಟು ಕತ್ತಲೆಯಲ್ಲಿ ಬಿಟ್ಟಿದೆ. ಯಾವ ಕಡೆ ಬಾಗುತ್ತದೆ? ಬರೀ ಅಗರ್ ಇಟ್ಟಿದ್ದರೆ? (2)
7. ಅಡ್ಡ ಮಲಗಿಸಿದ ಸಸಿಯ ಕಾಂಡ ಮೇಲಕ್ಕೂ ಬೇರು ಕೆಳಕ್ಕೂ ಬಾಗಲು ಕಾರಣ ವಿವರಿಸಿ. (3)
8. ಅಡ್ಡ ಇಟ್ಟ ಬೇರಿನ ತುದಿ ಅಡ್ಡರೇಖೆಯಿಂದ ಕೆಳಕ್ಕೆ ಬಾಗಿದ ಕೋನ ಹೀಗಿದೆ: 3 ಗಂಟೆಗೆ 20°, 6 ಗಂಟೆಗೆ 45°, 24 ಗಂಟೆಗೆ 85°. ಯಾವ ಅವಧಿಯಲ್ಲಿ ಬಾಗುವ ವೇಗ ಅತಿ ಹೆಚ್ಚು? ನಂತರ ಕುಗ್ಗಿದ್ದೇಕೆ? (3)
9. ಕುಂಡವನ್ನು ಅಡ್ಡಲಾಗಿ ಹಿಡಿದು ನಿಧಾನವಾಗಿ ಸತತ ತಿರುಗಿಸುವ ಕ್ಲೈನೋಸ್ಟಾಟ್ ಯಂತ್ರದಲ್ಲಿ ಸಸಿ ಬಾಗುವುದಿಲ್ಲ. ಏಕೆ? (2)
10. ಮುಟ್ಟಿದರೆ ಮುನಿ ಎಲೆ ಮಡಚುವುದು ಅನುವರ್ತನೆಯೇ? (2)

ಉತ್ತರಗಳು

1. ಪ್ರಚೋದನೆಯ ದಿಕ್ಕಿಗೆ ಅನುಗುಣವಾಗಿ ಸಸ್ಯಭಾಗ ಬೆಳವಣಿಗೆಯ ಮೂಲಕ ತೋರುವ ಚಲನೆ. "ದಿಕ್ಕು" ಮತ್ತು "ಬೆಳವಣಿಗೆ" ಎರಡೂ ಇರಲಿ.

2. ಸೈಟೋಕೈನಿನ್, ಅಬ್ಸಿಸಿಕ್ ಆಮ್ಲ.

3. ಇಲ್ಲ. ಬೆಳಕಿಲ್ಲದಾಗ ಕಾಂಡ ವಿಪರೀತ ಉದ್ದವಾಗುತ್ತದೆ, ಆದರೆ ತೆಳ್ಳಗಿರುತ್ತದೆ, ಪತ್ರಹರಿತ್ತು ತಯಾರಾಗುವುದಿಲ್ಲ. ಬೀಜದ ಆಹಾರ ಮುಗಿದೊಡನೆ ಸಸಿ ಸಾಯುತ್ತದೆ. ಎತ್ತರ ಹೆಚ್ಚಿದ ಮಾತ್ರಕ್ಕೆ ಒಣತೂಕ ಹೆಚ್ಚಿರುವುದಿಲ್ಲ.

4. ನಾಲ್ಕೂ ಬೇರುಗಳು ಅಡ್ಡವೇ ಆಗುತ್ತವೆ. ಕೆಳಗೆ ಬಾಗಲು ಫಲಕ ಅಡ್ಡಿ. ಆದ್ದರಿಂದ ಬಾಗು ಕಾಣುವುದಿಲ್ಲ, ಪ್ರಯೋಗ ವ್ಯರ್ಥ.

5. ಇ ಮಾತ್ರ ಬಾಗುತ್ತದೆ. ಬೆಳಕನ್ನು ಗ್ರಹಿಸುವುದು ತುದಿ, ಬಾಗುವುದು ಅದರ ಕೆಳಗಿನ ಭಾಗ. ನಡುವೆ ಏನೋ ಸಂದೇಶ ಸಾಗಿದೆ. ಚಾರ್ಲ್ಸ್ ಡಾರ್ವಿನ್ ಮತ್ತು ಮಗ ಫ್ರಾನ್ಸಿಸ್ 1880ರಲ್ಲಿ ಹುಲ್ಲಿನ ಮೊಳಕೆಗಳ ಮೇಲಿನ ಇಂಥ ಪ್ರಯೋಗಗಳನ್ನು ಪ್ರಕಟಿಸಿದರು. ಇದನ್ನು ಮಾಡಿ ನೋಡುವುದಾದರೆ ಮೊಳಕೆ 2ರಿಂದ 3 ಸೆಂ.ಮೀ. ಇರುವಾಗಲೇ ಮಾಡಿ, ಹೊದಿಕೆ ಸೀಳಿ ಎಲೆ ಹೊರಬಂದ ಮೇಲೆ ಫಲಿತಾಂಶ ಸಿಗದು.

6. ಬಲಕ್ಕೆ. ಎಡಬದಿಯ ಕೋಶಗಳಿಗೆ ಆಕ್ಸಿನ್ ಇಳಿದು ಅವು ಹೆಚ್ಚು ಉದ್ದವಾಗುತ್ತವೆ. ಬರೀ ಅಗರ್ ಇಟ್ಟರೆ ಬಾಗುವುದಿಲ್ಲ. ಈ ಹೋಲಿಕೆಯಿಂದಲೇ ಕಾರಣ ರಾಸಾಯನಿಕ ವಸ್ತು, ಅಗರ್‌ನ ಒತ್ತಡವಲ್ಲ ಎಂದು ತಿಳಿಯುತ್ತದೆ. ಓಟ್ಸ್ ಮೊಳಕೆಗಳ ಮೇಲೆ ಇದನ್ನು ಮಾಡಿ ತೋರಿಸಿದವರು ಡಚ್ ವಿಜ್ಞಾನಿ ಫ್ರಿಟ್ಸ್ ವೆಂಟ್, 1920ರ ದಶಕದಲ್ಲಿ. "ಅಗರ್ ಇರುವ ಕಡೆಗೆ" ಎಂಬುದು ಸಾಮಾನ್ಯ ತಪ್ಪು.

7. ಎರಡರಲ್ಲೂ ಕೆಳಬದಿಯಲ್ಲಿ ಆಕ್ಸಿನ್ ಹೆಚ್ಚುತ್ತದೆ (1). ಕಾಂಡದಲ್ಲಿ ಅದು ಕೆಳಬದಿಯ ಕೋಶಗಳನ್ನು ಹೆಚ್ಚು ಉದ್ದವಾಗಿಸುತ್ತದೆ, ಕಾಂಡ ಮೇಲಕ್ಕೆ: ಋಣ ಗುರುತ್ವಾನುವರ್ತನೆ (1). ಬೇರಿನಲ್ಲಿ ಅದೇ ಪ್ರಮಾಣ ಕೆಳಬದಿಯನ್ನು ತಡೆದು ಮೇಲ್ಬದಿ ಉದ್ದವಾಗುತ್ತದೆ, ಬೇರು ಕೆಳಕ್ಕೆ: ಧನ ಗುರುತ್ವಾನುವರ್ತನೆ (1).

8. ಮೊದಲ ಅವಧಿ ಗಂಟೆಗೆ ಸುಮಾರು 6.7°, ಎರಡನೆಯದು 25 ÷ 3, ಅಂದರೆ ಸುಮಾರು 8.3°, ಮೂರನೆಯದು 40 ÷ 18, ಸುಮಾರು 2.2°. ಹೆಚ್ಚಿನದು 3ರಿಂದ 6 ಗಂಟೆಯ ನಡುವೆ. ತುದಿ ನೆಟ್ಟಗೆ ಕೆಳಮುಖವಾಗುತ್ತಾ ಬಂದಂತೆ ಎರಡು ಬದಿಗಳ ಆಕ್ಸಿನ್ ವ್ಯತ್ಯಾಸ ಕಡಿಮೆಯಾಗುತ್ತದೆ. 45ನ್ನು 6ರಿಂದ ಭಾಗಿಸುವುದು ಇಲ್ಲಿನ ಮಾಮೂಲಿ ಎಡವಟ್ಟು. ಆ ಅವಧಿಯಲ್ಲಿ ಹೆಚ್ಚಿದ ಕೋನವನ್ನಷ್ಟೇ ತೆಗೆದುಕೊಳ್ಳಿ.

9. ಗುರುತ್ವ ನಿಂತಿಲ್ಲ. ತಿರುಗುವುದರಿಂದ ಅದು ಎಲ್ಲ ಬದಿಗಳ ಮೇಲೂ ಸರದಿಯಲ್ಲಿ ಸಮನಾಗಿ ಬೀಳುತ್ತದೆ. ಆಕ್ಸಿನ್ ಒಂದೇ ಬದಿಯಲ್ಲಿ ಸೇರುವುದಿಲ್ಲ.

10. ಅಲ್ಲ. ಯಾವ ಕಡೆಯಿಂದ ಮುಟ್ಟಿದರೂ ಎಲೆ ಒಂದೇ ರೀತಿ ಮಡಚುತ್ತದೆ, ಬೆಳವಣಿಗೆಯೂ ಇಲ್ಲ. ಎಲೆಯ ಬುಡದ ಉಬ್ಬಿದ ಭಾಗದ ಕೋಶಗಳು ನೀರು ಕಳೆದುಕೊಂಡು ಆಕಾರ ಬದಲಿಸುತ್ತವೆ. ಸ್ವಲ್ಪ ಹೊತ್ತಿಗೆ ನೀರು ತುಂಬಿ ಎಲೆ ಮತ್ತೆ ಬಿಚ್ಚುತ್ತದೆ.