ತಮ್ಮನ ಕಫದ ರಿಪೋರ್ಟ್: ಮನೆಯವರಿಗೆ

ಅಮ್ಮನವರಿಗೆ ಮತ್ತು ಅಣ್ಣನವರಿಗೆ ನಮಸ್ಕಾರ.

ನಿನ್ನೆ ಓಪಿಡಿಯಲ್ಲಿ ಜನ ಜಾಸ್ತಿ ಇದ್ದರು. ರಿಪೋರ್ಟ್ ನಿಮ್ಮ ಕೈಗೆ ಕೊಟ್ಟೆವು, ಸರಿಯಾಗಿ ಬಿಡಿಸಿ ಹೇಳಲು ಆಗಲಿಲ್ಲ. ಅದಕ್ಕೇ ಬರೆದು ಕಳಿಸುತ್ತಿದ್ದೇನೆ. ಅಮ್ಮನಿಗೆ ಯಾರಾದರೂ ಓದಿ ಹೇಳಿ.

ಮೊದಲ ಸಂದೇಹ ಟಿಬಿಯೋ ಅಲ್ಲವೋ ಎಂಬುದಾಗಿತ್ತು. ಕೆಮ್ಮು, ಸಂಜೆಯ ಜ್ವರ, ಇಳಿದ ತೂಕ, ಎಕ್ಸ್‌ರೇ ಎಲ್ಲ ನೋಡಿ ಕಫವನ್ನು ಸಿಬಿನ್ಯಾಟ್ ಪರೀಕ್ಷೆಗೆ ಕಳಿಸಿದೆವು. ಕಫವನ್ನು ಒಂದು ಸಣ್ಣ ಕಾರ್ಟ್ರಿಜ್‌ಗೆ ಹಾಕಿ ಮಷೀನಿನಲ್ಲಿ ಇಟ್ಟರೆ, ಅದರಲ್ಲಿ ಟಿಬಿ ರೋಗಾಣುವಿನ ಜೀನ್ ಇದೆಯೇ ಎಂದು ಸುಮಾರು ಎರಡು ಗಂಟೆಯಲ್ಲಿ ಗೊತ್ತಾಗುತ್ತದೆ. ನಿಮ್ಮ ರಿಪೋರ್ಟಿನ ಕೆಳಗೆ ಇರುವ ಎರಡು ಸಾಲು ಇವು:

```
MTB DETECTED MEDIUM
Rif Resistance DETECTED
```

ಮೊದಲ ಸಾಲಿನ ಅರ್ಥ, ಕಫದಲ್ಲಿ ಟಿಬಿ ರೋಗಾಣು ಸಿಕ್ಕಿದೆ, ಪ್ರಮಾಣ ಮಧ್ಯಮ. "ಮೀಡಿಯಂ ಅಂದರೆ ಕಾಯಿಲೆ ಅರ್ಧ ಮುಟ್ಟಿದೆಯಾ?" ಎಂದು ಅಣ್ಣ ಕೇಳಿದಿರಿ. ಹಾಗಲ್ಲ. ಆ ಕಫದಲ್ಲಿ ರೋಗಾಣು ಎಷ್ಟಿತ್ತು ಎಂಬುದಷ್ಟೇ ಅದು.

ಎರಡನೇ ಸಾಲು ಮುಖ್ಯ. ರಿಫಾಂಪಿಸಿನ್ ಎಂಬುದು ಟಿಬಿಯ ಮಾಮೂಲಿ ಚಿಕಿತ್ಸೆಯ ಬೆನ್ನೆಲುಬು, ಮೂತ್ರ ಕೆಂಪಗೆ ಮಾಡುತ್ತದಲ್ಲ, ಅದೇ ಮಾತ್ರೆ. ರೋಗಾಣುವಿನ ಒಂದು ಜೀನ್‌ನಲ್ಲಿ ಬದಲಾವಣೆ ಆದರೆ ಆ ಔಷಧಿ ಅದಕ್ಕೆ ನಾಟುವುದಿಲ್ಲ. ಮಷೀನು ಕಂಡುಹಿಡಿದಿದ್ದು ಆ ಬದಲಾವಣೆಯನ್ನು. ನಿಮ್ಮ ತಮ್ಮನ ದೇಹಕ್ಕೆ ಮಾತ್ರೆ ಒಗ್ಗುವುದಿಲ್ಲ ಎಂದಲ್ಲ, ಅವನ ಎದೆಯಲ್ಲಿರುವ ರೋಗಾಣು ಆ ಮಾತ್ರೆಗೆ ಜಗ್ಗುವುದಿಲ್ಲ ಎಂದು. ಈ ಪರೀಕ್ಷೆ ಹೇಳಿದ್ದು ರಿಫಾಂಪಿಸಿನ್ ಒಂದರ ಬಗ್ಗೆ ಮಾತ್ರ. ಬೇರೆ ಔಷಧಿಗಳು ಕೆಲಸ ಮಾಡುತ್ತವೆಯೇ ಎಂದು ತಿಳಿಯಲು ಇನ್ನೊಂದು ಡಬ್ಬಿಯ ಕಫ ಎಲ್‌ಪಿಎ ಮತ್ತು ಕಲ್ಚರ್ ಪರೀಕ್ಷೆಗೆ ಹೋಗಿದೆ. ಕಲ್ಚರ್‌ನಲ್ಲಿ ರೋಗಾಣು ಬೆಳೆಯಬೇಕು, ವಾರಗಟ್ಟಲೆ ಹಿಡಿಯುತ್ತದೆ. ಅದಕ್ಕಾಗಿ ಚಿಕಿತ್ಸೆ ನಿಲ್ಲುವುದಿಲ್ಲ. ಆ ರಿಪೋರ್ಟ್ ನೋಡಿ ಬೇಕಾದರೆ ಔಷಧಿ ಬದಲಿಸುತ್ತೇವೆ.

ರಿಪೋರ್ಟ್ ತಪ್ಪಿರಬಹುದಾ? ಕೆಲವೊಮ್ಮೆ ಆಗುತ್ತದೆ, ಅದರಲ್ಲೂ ಕಫದಲ್ಲಿ ರೋಗಾಣು ತೀರಾ ಕಡಿಮೆ ಇದ್ದಾಗ. ಹಿಂದೆ ಎಂದೂ ಟಿಬಿ ಔಷಧಿ ತೆಗೆದುಕೊಳ್ಳದವರಿಗೆ ಹೀಗೆ ಬಂದರೆ ಮತ್ತೊಮ್ಮೆ ಪರೀಕ್ಷೆ ಮಾಡುತ್ತೇವೆ. ಇವನಲ್ಲಿ ರೋಗಾಣು ಕಡಿಮೆಯೇನಿಲ್ಲ. ಹಿಂದೊಮ್ಮೆ ಎರಡು ತಿಂಗಳು ಮಾತ್ರೆ ತಿಂದು, ಹುಷಾರಾಯಿತು ಎಂದು ಬಿಟ್ಟವನು. ಹಾಗಾಗಿ ನಾವು ಈ ರಿಪೋರ್ಟನ್ನು ನಂಬಿಯೇ ಮುಂದುವರಿಯುತ್ತೇವೆ. ಅಮ್ಮಾ, ಇದಕ್ಕಾಗಿ ಅವನನ್ನು ಬೈಯಬೇಡಿ. ಒಂದು ದಿನವೂ ಮಾತ್ರೆ ತಪ್ಪಿಸದವರಿಗೂ, ಇಂಥದೇ ಟಿಬಿ ಇರುವವರ ಗಾಳಿಯಿಂದ ಇದು ಅಂಟುತ್ತದೆ. ಬೈದರೆ ಅವನು ಮಾತ್ರೆ ನುಂಗಿದ್ದೇನೆ ಎಂದು ಸುಳ್ಳು ಹೇಳಲು ಕಲಿಯುತ್ತಾನೆ, ಅಷ್ಟೇ.

ನಿನ್ನೆ ಅಮ್ಮ ಸೆರಗಿನ ಗಂಟು ಬಿಚ್ಚಿ ಹಳೆಯ ಸ್ಟ್ರಿಪ್ ತೋರಿಸಿದರು, ಹತ್ತಿರ ಹತ್ತಿರ ಅರ್ಧ ಉಳಿದಿತ್ತು. "ಹೊಸದು ಬರೋ ತನಕ ಇದನ್ನ ಕೊಡಲಾ?" ಎಂದರು. ದಯವಿಟ್ಟು ಕೊಡಬೇಡಿ. ಮೆಡಿಕಲ್ ಶಾಪಿನಿಂದಲೂ ಏನೂ ತರಬೇಡಿ. ಆ ಸ್ಟ್ರಿಪ್ ನಮಗೆ ತಂದುಕೊಡಿ.

ಇದು ವಾಸಿಯಾಗುವ ಕಾಯಿಲೆ. ಬೆಡಾಕ್ವಿಲಿನ್, ಪ್ರೆಟೊಮನಿಡ್, ಲಿನೆಜೋಲಿಡ್, ಮಾಕ್ಸಿಫ್ಲಾಕ್ಸಾಸಿನ್ ಎಂಬ ನಾಲ್ಕು ಔಷಧಿಗಳ ಕೋರ್ಸ್ ಸುಮಾರು ಆರು ತಿಂಗಳದು, ಇಂಜೆಕ್ಷನ್ ಇಲ್ಲ. 2024ರಲ್ಲಿ ಕೇಂದ್ರ ಸರ್ಕಾರ ಇದಕ್ಕೆ ಒಪ್ಪಿಗೆ ಕೊಟ್ಟಿದೆ. ಇವನಿಗೆ ಅದೇ ಹೊಂದುತ್ತದೋ, ಇನ್ನೂ ಉದ್ದದ ಕೋರ್ಸ್ ಬೇಕೋ ಎಂಬುದು ಇಸಿಜಿ, ರಕ್ತ, ಲಿವರ್, ಶುಗರ್, ಎಚ್‌ಐವಿ ಪರೀಕ್ಷೆ ನೋಡಿದ ಮೇಲೆ ತೀರ್ಮಾನ. ಔಷಧಿ ಪೂರ್ತಿ ಉಚಿತ. ಊಟಕ್ಕೆಂದು ನಿಕ್ಷಯ್ ಪೋಷಣ್ ಯೋಜನೆಯಲ್ಲಿ ತಿಂಗಳಿಗೆ 1,000 ರೂಪಾಯಿ ಖಾತೆಗೆ ಬರುತ್ತದೆ. ಮಾತ್ರೆ ಶುರುವಾದ ಮೇಲೆ ಪಾದ ಜೋಮು ಹಿಡಿದರೆ, ಕಣ್ಣು ಮಂಜಾದರೆ, ಎದೆ ಡವಗುಟ್ಟಿದರೆ, ಕಣ್ಣು ಹಳದಿಯಾದರೆ ಅವತ್ತೇ ಫೋನ್ ಮಾಡಿ. ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ.

ಮನೆಯಲ್ಲಿ ಅವನು ಮಾಸ್ಕ್ ಹಾಕಲಿ, ಕಿಟಕಿ ತೆರೆದಿರಲಿ, ಸದ್ಯಕ್ಕೆ ಬೇರೆ ಮಲಗಲಿ. ತಟ್ಟೆ ಲೋಟ ಬೇರೆ ಮಾಡುವುದು ಬೇಡ, ಇದು ಗಾಳಿಯಿಂದ ಹರಡುತ್ತದೆ, ತಟ್ಟೆಯಿಂದಲ್ಲ. ಅವನ ಹೆಂಡತಿ ಮತ್ತು ಮೂರು ವರ್ಷದ ಮಗಳನ್ನು ತಪಾಸಣೆಗೆ ಕರೆತನ್ನಿ. ಮಗುವಿಗೆ ಕೆಮ್ಮಿಲ್ಲ ಎಂದು ಬಿಡಬೇಡಿ.

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಜಿಲ್ಲಾ ಆಸ್ಪತ್ರೆಯ ಟಿಬಿ ವಿಭಾಗಕ್ಕೆ ಬನ್ನಿ. ಆಧಾರ್ ಕಾರ್ಡ್, ಪಾಸ್‌ಬುಕ್, ಈ ರಿಪೋರ್ಟ್, ಹಳೆಯ ಚೀಟಿಗಳು ಮತ್ತು ಆ ಸ್ಟ್ರಿಪ್ ಇರಲಿ. ಒಂದೆರಡು ದಿನ ಅಡ್ಮಿಟ್ ಮಾಡಬೇಕಾಗಬಹುದು, ಬಟ್ಟೆ ತನ್ನಿ. ಅದಕ್ಕೂ ಮೊದಲು ಕಫದಲ್ಲಿ ರಕ್ತ ಬಂದರೆ ಅಥವಾ ಉಸಿರು ಕಟ್ಟಿದರೆ ಸೋಮವಾರಕ್ಕೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ.

ಇಂತಿ,
ಟಿಬಿ ವಿಭಾಗದ ವೈದ್ಯೆ