ಮನೆಗೂ ಗೃಹಸಾಲಕ್ಕೂ ಪತ್ನಿಯ ಹೆಸರು ಸೇರಿಸಲು ಮನವಿ

ದಿನಾಂಕ: 11 ಆಗಸ್ಟ್ 2025

ಗೆ,
ಶಾಖಾ ವ್ಯವಸ್ಥಾಪಕರು,
ಗೃಹಸಾಲ ವಿಭಾಗ

ಇಂದ,
ಮಂಜುನಾಥ
(ಗೃಹಸಾಲ ಖಾತೆ, ಕೊನೆಯ ನಾಲ್ಕು ಅಂಕಿ 4172)

ವಿಷಯ: ನನ್ನ ಪತ್ನಿ ಸವಿತಾ ಅವರನ್ನು ಸಾಲದಲ್ಲಿ ಸಹ-ಅರ್ಜಿದಾರರಾಗಿ ಸೇರಿಸುವುದು ಮತ್ತು ಮನೆಯ ಅರ್ಧ ಪಾಲನ್ನು ಅವರ ಹೆಸರಿಗೆ ಮಾಡಲು ನಿರಾಕ್ಷೇಪಣಾ ಪತ್ರ ಕೊಡುವುದು.

ಮಾನ್ಯರೇ,

ನಮಸ್ಕಾರ. 2020ರ ಮಾರ್ಚ್‌ನಲ್ಲಿ ನಿಮ್ಮ ಶಾಖೆಯಿಂದ 27 ಲಕ್ಷ ರೂಪಾಯಿ ಗೃಹಸಾಲ ಪಡೆದಿದ್ದೆ. ಆಗ ನನಗೆ ಮದುವೆಯಾಗಿರಲಿಲ್ಲ. ಹಾಗಾಗಿ ಕ್ರಯಪತ್ರವೂ ಸಾಲವೂ ನನ್ನೊಬ್ಬನ ಹೆಸರಿನಲ್ಲೇ ಇವೆ. ತಿಂಗಳ ಕಂತು 21,751 ರೂಪಾಯಿ. ಇವತ್ತಿನವರೆಗೆ ಒಂದು ಕಂತೂ ತಪ್ಪಿಲ್ಲ. ಅಸಲು ಬಾಕಿ ಸುಮಾರು 24 ಲಕ್ಷದ 40 ಸಾವಿರ ಇದೆ.

2022ರಲ್ಲಿ ಮದುವೆಯಾಯಿತು. ಸವಿತಾ ಅನುದಾನಿತ ಪ್ರೌಢಶಾಲೆಯೊಂದರಲ್ಲಿ ಶಿಕ್ಷಕಿ. ಮದುವೆಯಾದ ವರ್ಷದಿಂದಲೇ ಕಂತಿನ ಅರ್ಧ ಹಣ ಅವರದು. ಪ್ರತಿ ತಿಂಗಳು 3ನೇ ತಾರೀಕು ಅವರ ಸಂಬಳದ ಖಾತೆಯಿಂದ 11,000 ರೂಪಾಯಿ ನನ್ನ ಉಳಿತಾಯ ಖಾತೆಗೆ ಬರುತ್ತದೆ, 5ನೇ ತಾರೀಕು ಅಲ್ಲಿಂದ ಕಂತು ಕಟ್ಟಾಗುತ್ತದೆ. ಪಾಸ್‌ಬುಕ್ಕಿನ ಯಾವ ಪುಟ ತೆರೆದರೂ ಈ ಎರಡು ಸಾಲು ಹತ್ತಿರ ಹತ್ತಿರವೇ ಕಾಣುತ್ತವೆ. ಆದರೆ ಮನೆಯ ಕಾಗದದಲ್ಲಾಗಲಿ ಸಾಲದ ಕಾಗದದಲ್ಲಾಗಲಿ ಅವರ ಹೆಸರು ಎಲ್ಲೂ ಇಲ್ಲ. ಇದು ಸರಿಯಲ್ಲ ಅಂತ ನನಗೆ ಬಹಳ ದಿನದಿಂದ ಅನಿಸುತ್ತಿದೆ.

ತೆರಿಗೆ ಉಳಿಸುವುದಕ್ಕೆ ಈ ಮನವಿ ಅಂತ ದಯವಿಟ್ಟು ಭಾವಿಸಬೇಡಿ. ಹೆಂಡತಿಗೆ ಮನೆಯ ಪಾಲನ್ನು ಹಣ ಪಡೆಯದೆ ಕೊಟ್ಟರೆ, ಆದಾಯ ತೆರಿಗೆ ಕಾಯ್ದೆಯ ಪ್ರಕಾರ ತೆರಿಗೆಯ ಲೆಕ್ಕಕ್ಕೆ ಆ ಪಾಲಿಗೂ ನಾನೇ ಮಾಲೀಕ. ಅದು ಗೊತ್ತಿದ್ದೇ ಕೇಳುತ್ತಿದ್ದೇನೆ. ನನ್ನ ಚಿಂತೆ ಬೇರೆ. ರೆಪೋ ದರ ಏರಿದಾಗ ನಮ್ಮ ಕಂತು ಹೆಚ್ಚಾಗಲಿಲ್ಲ, ಅವಧಿ ಹೆಚ್ಚಾಯಿತು. ಈಗಿನ ಲೆಕ್ಕದಲ್ಲಿ ಸಾಲ ತೀರುವುದು 2042ಕ್ಕೆ. ಅಷ್ಟರೊಳಗೆ ನನಗೇನಾದರೂ ಆದರೆ, ವರ್ಷಗಟ್ಟಲೆ ಕಂತು ಕಟ್ಟಿದವರು ತಮ್ಮ ಮನೆಗೇ ವಾರಸುದಾರರ ಪ್ರಮಾಣಪತ್ರ ಹಿಡಿದು ಕಚೇರಿಗಳಿಗೆ ಅಲೆಯಬೇಕು. ಅವರ ದುಡ್ಡು ಹೋಗಿರುವ ಗೋಡೆಗೆ ಅವರ ಹಕ್ಕು ಈಗಲೇ ಕಾಗದದ ಮೇಲೆ ಬರಲಿ.

ಸಹ-ಅರ್ಜಿದಾರರನ್ನು ಮಾತ್ರ ಸೇರಿಸುವುದು ಸುಲಭ, ಪೂರಕ ಕರಾರು ಮಾಡಿದರೆ ಸಾಕು ಅಂತ ನಿಮ್ಮ ಸಿಬ್ಬಂದಿ ಹೇಳಿದರು. ನನಗೆ ಅದೊಂದೇ ಬೇಡ. ಸಾಲದ ಹೊಣೆ ಮಾತ್ರ ಸವಿತಾ ಅವರ ತಲೆಗೆ ಬಂದು, ಮನೆಯ ಹಕ್ಕು ಮಾತ್ರ ನನ್ನಲ್ಲೇ ಉಳಿದರೆ ಅದು ಅನ್ಯಾಯ ಅಲ್ವಾ? ಹಾಗೆಯೇ, ಅವರು ಮಾಲೀಕರಾಗಿ ಸಾಲದಿಂದ ಹೊರಗಿದ್ದರೆ ಬ್ಯಾಂಕಿನ ಭದ್ರತೆಗೆ ತೊಡಕು ಅನ್ನುವುದೂ ನನಗೆ ಅರ್ಥವಾಗುತ್ತದೆ. ಆದ್ದರಿಂದ ಎರಡೂ ಒಟ್ಟಿಗೇ ಆಗಬೇಕು.

ತೊಂದರೆ ಆಗಿರುವುದು ಯಾವುದು ಮೊದಲು ಅನ್ನುವುದರಲ್ಲಿ. ಶಾಖೆಯ ಕೌಂಟರಿನಲ್ಲಿ, "ಮೊದಲು ದಾನಪತ್ರ ಮಾಡಿಸ್ಕೊಂಡು ಬನ್ನಿ, ಆಮೇಲೆ ಹೆಸರು ಸೇರಿಸೋಣ" ಅಂದರು. ಪತ್ರ ಬರೆಯುವವರ ಹತ್ತಿರ ಹೋದರೆ, "ಇಸಿಯಲ್ಲಿ ಬ್ಯಾಂಕಿನ ಅಡಮಾನ ಕಾಣ್ತಿದೆ, ಬ್ಯಾಂಕಿನ ಎನ್‌ಒಸಿ ತನ್ನಿ" ಅಂದರು. ಅವರು ಹೇಳುವುದೂ ಸರಿಯೇ. ನಾನು ಸಹಿ ಮಾಡಿರುವ ಕರಾರಿನಲ್ಲೇ, ಬ್ಯಾಂಕಿನ ಲಿಖಿತ ಒಪ್ಪಿಗೆ ಇಲ್ಲದೆ ಆಸ್ತಿಯನ್ನು ಯಾರಿಗೂ ವರ್ಗಾಯಿಸುವಂತಿಲ್ಲ ಎಂಬ ಷರತ್ತಿದೆ. ಅದನ್ನು ಮೀರಿ ನಾನು ಒಂದು ಹೆಜ್ಜೆಯೂ ಇಡುವುದಿಲ್ಲ. ಹಾಗಾಗಿ ಈ ಗಂಟು ಬಿಡಿಸಬೇಕಾದವರು ನೀವೇ.

ಕೆಲಸ ಹೀಗೆ ನಡೆದರೆ ಯಾರಿಗೂ ತೊಂದರೆ ಇಲ್ಲ ಅಂತ ನನ್ನ ಅನಿಸಿಕೆ. ಮೊದಲು ಸವಿತಾ ಅವರ ಆದಾಯ, ಸಿಬಿಲ್, ಕೆವೈಸಿ ನೋಡಿ ಅವರನ್ನು ಸಹ-ಅರ್ಜಿದಾರರಾಗಿ ಒಪ್ಪಬಹುದೇ ಅಂತ ತೀರ್ಮಾನಿಸಿ. ಒಪ್ಪಿಗೆಯಾದರೆ, ಅಡಮಾನ ಮುಂದುವರಿಯುತ್ತದೆ ಎಂಬ ಷರತ್ತಿನ ಮೇಲೆಯೇ ನಿರಾಕ್ಷೇಪಣಾ ಪತ್ರ ಕೊಡಿ. ಜೊತೆಗೆ ನಿಮ್ಮಲ್ಲಿರುವ ಕ್ರಯಪತ್ರದ ದೃಢೀಕೃತ ನಕಲೂ ಬೇಕು. ಅದರ ಮೇಲೆ ನಾನು ಅರ್ಧ ಅವಿಭಜಿತ ಪಾಲಿಗೆ ಸವಿತಾ ಹೆಸರಿಗೆ ದಾನಪತ್ರ ಬರೆದು, ಇಬ್ಬರು ಸಾಕ್ಷಿಗಳ ಸಹಿಯೊಂದಿಗೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸುತ್ತೇನೆ. ದಾನಪತ್ರದಲ್ಲಿ ನಿಮ್ಮ ಅಡಮಾನದ ವಿಷಯವನ್ನೂ ಬರೆಸುತ್ತೇನೆ. ಅದರ ಕರಡನ್ನು ಮೊದಲೇ ನಿಮ್ಮ ವಕೀಲರಿಗೆ ತೋರಿಸಲು ನನ್ನ ಅಡ್ಡಿಯಿಲ್ಲ. ನೋಂದಣಿಯಾದ ಮೂಲ ದಾನಪತ್ರ ನೇರವಾಗಿ ನಿಮ್ಮ ಕೈಗೇ ಬರುತ್ತದೆ. ಆಮೇಲೆ ನಾವಿಬ್ಬರೂ ಶಾಖೆಗೆ ಬಂದು ಪೂರಕ ಸಾಲದ ಕರಾರಿಗೂ ಹಕ್ಕುಪತ್ರ ಠೇವಣಿಯ ಹೊಸ ಮೆಮೊರಾಂಡಮ್‌ಗೂ ಸಹಿ ಹಾಕುತ್ತೇವೆ. ಮನೆಯ ಖಾತೆ ಬದಲಾವಣೆ ನನ್ನ ಜವಾಬ್ದಾರಿ, ಅಡಮಾನದ ಸೆರ್ಸಾಯ್ ದಾಖಲೆ ನಿಮ್ಮ ಕಡೆಯಿಂದ ಆಗಬೇಕು.

ಒಂದು ಮಾತು ಒತ್ತಿ ಹೇಳಬೇಕು. ಇದನ್ನು ಹೊಸ ಸಾಲ ಅಂತ ಪರಿಗಣಿಸಬೇಡಿ. ನನಗೆ ಹೆಚ್ಚುವರಿ ಹಣ ಬೇಡ, ಅವಧಿ ಜಾಸ್ತಿಯಾಗುವುದೂ ಬೇಡ. ರೆಪೋ ದರದ ಮೇಲೆ ಈಗಿರುವ ಸ್ಪ್ರೆಡ್ ಹಾಗೆಯೇ ಇರಲಿ. ಹಳೆಯ ಖಾತೆ ಮುಚ್ಚಿ ಹೊಸದು ತೆರೆಯುವುದೇ ದಾರಿ ಎಂದಾದರೆ, ಯಾವುದಕ್ಕೂ ಸಹಿ ಮಾಡಿಸುವ ಮೊದಲು ಅದರ ಖರ್ಚು ಮತ್ತು ಬಡ್ಡಿದರವನ್ನು ಬರವಣಿಗೆಯಲ್ಲಿ ತಿಳಿಸಿ. ಪ್ರೊಸೆಸಿಂಗ್ ಶುಲ್ಕ, ವಕೀಲರ ಶುಲ್ಕ ಇದ್ದರೆ ಅದನ್ನೂ ಮೊದಲೇ ಹೇಳಿ, ಕಟ್ಟುತ್ತೇನೆ. ಸಾಲದ ಜೊತೆಗಿರುವ ವಿಮೆ ನನ್ನೊಬ್ಬನ ಜೀವಕ್ಕಿದೆ. ಸವಿತಾ ಅವರಿಗೂ ಮಾಡಿಸುವುದಾದರೆ ಪ್ರೀಮಿಯಂ ನೋಡಿ ನಾವೇ ಯೋಚಿಸುತ್ತೇವೆ, ನಮ್ಮನ್ನು ಕೇಳದೆ ಪಾಲಿಸಿ ಸೇರಿಸಬೇಡಿ.

ಸಹ-ಅರ್ಜಿದಾರರಾದರೆ ಅರ್ಧ ಸಾಲಕ್ಕಲ್ಲ, ಪೂರ್ತಿ ಸಾಲಕ್ಕೆ ಹೊಣೆ ಅನ್ನುವುದನ್ನು ನಾವಿಬ್ಬರೂ ಕೂತು ಮಾತಾಡಿದ್ದೇವೆ. ಒಂದು ಕಂತು ತಪ್ಪಿದರೂ ಅವರ ಸಿಬಿಲ್ ಸ್ಕೋರಿಗೂ ಪೆಟ್ಟು ಬೀಳುತ್ತದೆ. ನಾಳೆ ಅವರು ಬೇರೆ ಸಾಲ ಕೇಳಿದರೆ ಈ ಕಂತನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಸುಮ್ನೆ ನನ್ನ ಮಾತಿಗೆ ಕಟ್ಟುಬಿದ್ದು ಅವರು ಒಪ್ಪಿಲ್ಲ. ಅವರ ಒಪ್ಪಿಗೆಯನ್ನು ಅವರೇ ಕೆಳಗೆ ಬರೆದಿದ್ದಾರೆ.

ಅವರ ಕೈಗೆ ಬರುವ ಸಂಬಳ ತಿಂಗಳಿಗೆ 46,000 ರೂಪಾಯಿ. ಸ್ಕೂಟರ್ ಸಾಲವೊಂದಿತ್ತು, 2023ರಲ್ಲೇ ತೀರಿದೆ. ಈಗ ಬೇರೆ ಯಾವ ಸಾಲವೂ ಇಲ್ಲ.

ಈ ಮನವಿ ತಲುಪಿದ್ದಕ್ಕೆ ಮುದ್ರೆ ಹಾಕಿ ಒಂದು ಪ್ರತಿ ಕೊಡಿ. ಒಪ್ಪಿಗೆಯಾಗಲಿ, ಇಲ್ಲವೆಂಬ ಉತ್ತರವಾಗಲಿ, ಕಾರಣದ ಸಮೇತ ಬರವಣಿಗೆಯಲ್ಲಿ ಬರಲಿ. ಇನ್ನೂ ಯಾವುದಾದರೂ ದಾಖಲೆ ಬೇಕಿದ್ದರೆ ಒಂದೇ ಸಲಕ್ಕೆ ಪೂರ್ತಿ ಪಟ್ಟಿ ತಿಳಿಸಿ. ಸವಿತಾ ಅವರಿಗೆ ಶಾಲೆಯ ದಿನ ರಜೆ ಸಿಗುವುದು ಕಷ್ಟ. ಇಬ್ಬರೂ ಬರಬೇಕಾದ ದಿನವನ್ನು ಒಂದು ವಾರ ಮೊದಲು ಹೇಳಿದರೆ ಖಂಡಿತ ಬರುತ್ತೇವೆ. ನಿಮ್ಮ ದಾಖಲೆಯಲ್ಲಿರುವ ನನ್ನ ಮೊಬೈಲ್ ನಂಬರ್ ಬದಲಾಗಿಲ್ಲ.

ವಂದನೆಗಳೊಂದಿಗೆ,
ಮಂಜುನಾಥ
(ಸಹಿ)

ಸಹ-ಅರ್ಜಿದಾರರ ಒಪ್ಪಿಗೆ:
ಮೇಲಿನ ಪತ್ರವನ್ನು ಪೂರ್ತಿ ಓದಿದ್ದೇನೆ. ಈ ಸಾಲದ ಈಗಿನ ಬಾಕಿ ಮತ್ತು ಷರತ್ತುಗಳು ನನಗೆ ಗೊತ್ತಿವೆ. ಸಹ-ಅರ್ಜಿದಾರಳಾಗಲು ಮತ್ತು ನನ್ನ ಪಾಲಿಗೆ ಬರುವ ಮನೆಯ ಭಾಗವೂ ಬ್ಯಾಂಕಿನ ಅಡಮಾನದಲ್ಲಿ ಇರಲು ನನ್ನ ಸ್ವಂತ ಇಚ್ಛೆಯಿಂದ ಒಪ್ಪಿದ್ದೇನೆ. ನನ್ನ ಸಿಬಿಲ್ ವರದಿ ತೆಗೆದು ನೋಡಲು ಬ್ಯಾಂಕಿಗೆ ಅನುಮತಿ ಕೊಟ್ಟಿದ್ದೇನೆ.
ಸವಿತಾ
(ಸಹಿ)

ಲಗತ್ತು: ಮದುವೆ ನೋಂದಣಿ ಪ್ರಮಾಣಪತ್ರ, ಸವಿತಾ ಅವರ ಆಧಾರ್, ಪ್ಯಾನ್ ಮತ್ತು ಎರಡು ಫೋಟೊ, ಅವರ ಕಳೆದ ಆರು ತಿಂಗಳ ಸಂಬಳದ ಚೀಟಿ, ಎರಡು ವರ್ಷದ ಫಾರ್ಮ್ 16 ಮತ್ತು ಒಂದು ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟ್, ಸ್ಕೂಟರ್ ಸಾಲ ತೀರಿದ ಪತ್ರ, ಇತ್ತೀಚಿನ ಇಸಿ ಮತ್ತು ಮನೆ ತೆರಿಗೆ ರಸೀದಿಯ ನಕಲು.